ಎಂಸಿಬಿ ನಿಲ್ಲದ ದಿನ

ಅತ್ತೆ ಕನ್ನಡಿಯ ಮೊಳೆಗಳನ್ನು ತಾನೇ ಹೊಡೆದಿದ್ದಳು. ಅರವತ್ತು ದಾಟಿದ ಮೇಲೆ ಹಾಡುವ ಗುಂಪು ಸೇರಿದವಳು ಅವಳು. ಹಾಡುವಾಗ ಬಾಯಿ ಎಷ್ಟು ತೆರೆಯುತ್ತದೆ ಎಂದು ನೋಡಿಕೊಳ್ಳಬೇಕೆಂದು ಗುಂಪಿನ ಮೇಡಂ ಹೇಳಿದ್ದೇ ತಡ, ಅಗಲವಾದ ಕನ್ನಡಿ ತಂದು ಮುಂದಿನ ಕೋಣೆಯ ಸ್ವಿಚ್‌ಬೋರ್ಡಿನ ಮೇಲ್ಭಾಗದಲ್ಲಿ ತೂಗುಹಾಕಿದ್ದಳು.

ಮರುದಿನ ಬೆಳಿಗ್ಗೆ ಆ ಕೋಣೆಗೂ ಅಡುಗೆಮನೆಗೂ ಕರೆಂಟ್ ಇಲ್ಲ. ಬಾಗಿಲ ಪಕ್ಕದ ಡಬ್ಬಿಯಲ್ಲಿ ಸಾಲಾಗಿರುವ, ಕರೆಂಟ್ ಮಿತಿಮೀರಿದರೆ ತಾನಾಗಿ ಬೀಳುವ ಎಂಸಿಬಿಗಳ ಪೈಕಿ ಒಂದರ ಹಿಡಿ ಕೆಳಗೆ ಬಿದ್ದಿತ್ತು. ಅತ್ತೆಯ ಗಂಡ ಅದನ್ನು ಮೇಲೆತ್ತಿದ, ಟಕ್ ಎಂದು ಮತ್ತೆ ಬಿತ್ತು. ಫ್ರಿಜ್ಜು, ಮಿಕ್ಸಿ, ಟಿವಿ ಎಲ್ಲದರ ಪ್ಲಗ್ ಕಿತ್ತು ಎತ್ತಿದ; ಆಗಲೂ ನಿಲ್ಲಲಿಲ್ಲ. ಬಸ್ಸು ಓಡಿಸಿ ನಿವೃತ್ತನಾದ ಆತನಿಗೆ ತೀರ್ಪು ಕೊಡಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಮೊಳೆ ಗೋಡೆಯೊಳಗಿನ ತಂತಿಗೆ ಹೊಕ್ಕಿದೆ, ಕನ್ನಡಿ ಇಳಿಸಬೇಕು, ಗೋಡೆ ಒಡೆಯಬೇಕು ಎಂದ. ಉಳಿ ಸುತ್ತಿಗೆಯನ್ನೂ ತಂದಿಟ್ಟ.

ಸಂಜೆ ಗುಂಪಿನವರೆಲ್ಲ ಅಭ್ಯಾಸಕ್ಕೆ ಇಲ್ಲಿಗೇ ಬರುವವರಿದ್ದರು, ಕೀಬೋರ್ಡು ಹೊತ್ತುಕೊಂಡು. ಅತ್ತೆಯ ಮುಖ ಸಪ್ಪೆಯಾಯಿತು. ಹೊರಗೆ ಮಾತ್ರ ಗಟ್ಟಿಯಾಗಿ, "ಸೊಸೆ ಬರ್ಲಿ. ಅವಳು ಹೇಳೋವರೆಗೂ ಗೋಡೆ ಮುಟ್ಟೋ ಹಾಗಿಲ್ಲ ನೀವು" ಅಂದಳು. ಒಳಗೊಳಗೆ ತನ್ನ ಮೊಳೆಯ ಮೇಲೆ ಅವಳಿಗೇ ಅನುಮಾನವಿತ್ತು.

ಸೊಸೆ ಎಲೆಕ್ಟ್ರಿಷಿಯನ್. ಊರಿನ ಇನ್ನೊಂದು ಕಡೆ ಕೆಲಸ ಮುಗಿಸಿ, ಹೆಗಲಿಗೆ ಚೀಲ ಹಾಕಿಕೊಂಡೇ ಬಂದಳು. ಬಂದವಳು ಕನ್ನಡಿಯಲ್ಲಿ ತಲೆಗೂದಲು ಸರಿಮಾಡಿಕೊಂಡು, ಚೆನ್ನಾಗಿದೆ ಎಂದಳು. ಮಾವ ಗಂಟಲು ಸರಿಮಾಡಿಕೊಂಡ.

ಮೊದಲು ಅವಳು ಮೇನ್ ಆಫ್ ಮಾಡಿದಳು. ಮೇನಿಗೆ ಬರುವ ತಂತಿಯಲ್ಲಿ ಆಗಲೂ ಕರೆಂಟ್ ಇರುತ್ತದೆ, ಯಾರೂ ಹತ್ತಿರ ಬರಬೇಡಿ ಎಂದು ಎಚ್ಚರಿಸಿ, ಎಂಸಿಬಿಗಳಿಗೆ ಕರೆಂಟ್ ಬರುತ್ತಿಲ್ಲವೆಂದು ಟೆಸ್ಟರ್ ಹಿಡಿದು ಖಾತ್ರಿ ಮಾಡಿಕೊಂಡಳು. ಆಮೇಲೆ ಬಿದ್ದಿದ್ದ ಹಿಡಿಯನ್ನು ಪೂರ್ತಿ ಕೆಳಗೊತ್ತಿ ಮೇಲೆತ್ತಿದಳು. ಟಕ್. ಬಿತ್ತು. ಇನ್ನೊಮ್ಮೆ. ಟಕ್.

"ಮಾವ, ಈಗ ಇದಕ್ಕೆ ಕರೆಂಟೇ ಇಲ್ಲ" ಅಂದಳು. "ಗೋಡೇಲಿ ಶಾರ್ಟ್ ಇದ್ರೂ ಇದು ಈಗ ನಿಲ್ಬೇಕಿತ್ತು. ಕರೆಂಟ್ ಹರಿದ್ರೆ ತಾನೇ ಬೀಳೋದು? ಇದರ ಒಳಗಿನ ಕೊಂಡಿಯೇ ಸವೆದಿದೆ."

ಅತ್ತೆ ನಿಂತಲ್ಲೇ ಒಂದು ಹೆಜ್ಜೆ ಕುಣಿದಳು. ಸೊಸೆ ಕೈಯೆತ್ತಿ ತಡೆದಳು: ಎಂಸಿಬಿ ಕೆಟ್ಟಿದೆ ಅಂದ ಮಾತ್ರಕ್ಕೆ ತಂತಿ ಸರಿಯಿದೆ ಅಂತಲ್ಲ, ಎರಡೂ ಒಟ್ಟಿಗೆ ಕೆಟ್ಟಿರಬಹುದು. ಅತ್ತೆಯ ಕಾಲು ಅಲ್ಲೇ ನಿಂತಿತು. ಮಾವ ಮತ್ತೆ ಉಳಿಯ ಕಡೆ ನೋಡಿದ.

ಸೊಸೆ ಎಂಸಿಬಿಯಿಂದ ಕೋಣೆಗೆ ಹೋಗುವ ತಂತಿಯನ್ನೂ ಅದರ ಜೊತೆಯ ನ್ಯೂಟ್ರಲ್ ತಂತಿಯನ್ನೂ ಬಿಚ್ಚಿ ಬೇರೆಮಾಡಿದಳು. ಬಲ್ಬುಗಳನ್ನು ತೆಗೆಸಿ, ಫ್ಯಾನಿನ ತಂತಿ ಬಿಡಿಸಿ, ಗೋಡೆಯ ಸ್ವಿಚ್ಚುಗಳನ್ನೆಲ್ಲ ಆನ್ ಮಾಡಿಸಿದಳು. ಚೀಲದಿಂದ, ತಂತಿಯ ಹೊದಿಕೆ ಪರೀಕ್ಷಿಸಲು ಕೈಯಲ್ಲಿ ತಿರುಗಿಸುವ ಮೆಗ್ಗರ್ ತೆಗೆದು ನೆಲದ ಮೇಲಿಟ್ಟಳು. ತಿರುಗಿಸುವಾಗ ಮುಳ್ಳು ಸೊನ್ನೆಗೆ ಬಂದರೆ ತಂತಿ ತಂತಿಗೆ ತಾಕಿದೆ ಎಂದು ಅರ್ಥ, ಇನ್ನೊಂದು ತುದಿಯ ಅನಂತದ ಗುರುತಿನಲ್ಲೇ ಉಳಿದರೆ ಮೊಳೆಗೆ ಕ್ಷಮೆ ಎಂದಳು.

ಮೂವರೂ ನೆಲದ ಮೇಲೆ ಕುಳಿತರು. ಸೊಸೆ ಹಿಡಿ ತಿರುಗಿಸತೊಡಗಿದಳು. ಅತ್ತೆ ಗಂಡನ ತೋಳನ್ನೇ ಹಿಂಡಿದಳು. ಎರಡು ತಂತಿಗಳ ನಡುವೆ ಮುಳ್ಳು ಆ ತುದಿ ಬಿಟ್ಟು ಅಲುಗಲಿಲ್ಲ. ಆ ತಂತಿಗಳಿಗೂ ನೆಲಕ್ಕಿಳಿಯುವ ಅರ್ಥ್ ತಂತಿಗೂ ನಡುವೆ ಹಿಡಿದಾಗಲೂ ಅಷ್ಟೇ.

"ಗೋಡೆ ಮುಟ್ಟೋದು ಬೇಡ. ತಂತಿ ಚೊಕ್ಕವಾಗಿದೆ, ಅತ್ತೆ."

ಅತ್ತೆ ಗಂಡನ ಕಡೆ ನೋಡಿದಳು. ಮಾವ ಉಳಿ ಸುತ್ತಿಗೆಗಳನ್ನು ಮಂಚದಡಿ ತಳ್ಳಿದ.

ಸೊಸೆ ಕೆಟ್ಟ ಎಂಸಿಬಿಯನ್ನು ಕಳಚುತ್ತಾ, ಉಳಿದವೆಲ್ಲ ಗಟ್ಟಿಯಾಗಿವೆ, ಇದೊಂದೇ ಯಾಕೆ ಇಷ್ಟು ಸಡಿಲ ಎಂದು ಕೇಳಿದಳು. ಮಾವನೇ ಮುಂದೆ ಬಂದು, ಬೆಂಕಿ ಗಿಂಕಿ ಆದೀತೆಂದು ದಿನಾ ಮಲಗುವ ಮುಂಚೆ ಅದನ್ನು ಆಫ್ ಮಾಡುತ್ತೇನೆ, ಬೆಳಿಗ್ಗೆ ಹಾಕುತ್ತೇನೆ, ಈ ಮನೆಗೆ ಬಂದಾಗಿನಿಂದ ಎಂದ.

"ಫ್ರಿಜ್ಜೂ ಅದರಲ್ಲೇ ಅಲ್ವೇನ್ರೀ?" ಅತ್ತೆ ಕಣ್ಣರಳಿಸಿದಳು. "ಅದಕ್ಕೇ ನನ್ನ ಹಾಲು ಒಡೀತಿತ್ತು! ಹಾಲಿನವನ ಮೇಲೆ ಎಷ್ಟು ರೇಗಿದೀನಿ ನಾನು."

ಸೊಸೆಗೆ ನಗು ತಡೆಯಲಾಗದೆ ಸ್ಕ್ರೂಡ್ರೈವರ್ ಕೈಜಾರಿತು. ಎಂಸಿಬಿ ಇರುವುದು ಆಪತ್ತಿಗೆ, ದಿನಾ ಒತ್ತುವ ಸ್ವಿಚ್ಚಾಗಿ ಅಲ್ಲ, ಹೀಗೆ ಒತ್ತಿದರೆ ಬೇಗ ಸವೆಯುತ್ತದೆ ಎಂದು ತಿಳಿಸಿ ಹೇಳಿದಳು. ಭಯವಾದರೆ ಮಿಕ್ಸಿ, ಟಿವಿಯ ಪ್ಲಗ್ ಕಿತ್ತಿಡಿ ಸಾಕು. ಮಾವ ಮೊದಲು ಪೆಚ್ಚಾದ, ಆಮೇಲೆ ತಾನೇ ನಕ್ಕ. ಅವನ ಹೊಟ್ಟೆ ಕುಲುಕುವುದನ್ನು ನೋಡಿ ಅತ್ತೆಗೂ ಸಿಟ್ಟು ಉಳಿಯಲಿಲ್ಲ.

ಚೀಲದಲ್ಲಿದ್ದ, ಹಳೆಯದರಷ್ಟೇ ಆಂಪಿಯರಿನ ಹೊಸ ಎಂಸಿಬಿ ಕೂತಿತು. ತಂತಿಗಳನ್ನು ಬಿಗಿಮಾಡಿ, ಬಲ್ಬು ಫ್ಯಾನು ಮೊದಲಿನಂತೆ ಜೋಡಿಸಿ, ಮೇನ್ ಹಾಕಿದಳು. ಹಿಡಿಯನ್ನು ಅತ್ತೆಯ ಕೈಯಲ್ಲೇ ಎತ್ತಿಸಿದಳು. ನಿಂತಿತು. ಒಂದೊಂದೇ ಪ್ಲಗ್ ಚುಚ್ಚಿದರು. ಫ್ರಿಜ್ಜು ಗುರುಗುಟ್ಟಿತು, ಫ್ಯಾನು ತಿರುಗಿತು.

ಸಂಜೆ ಹೆಂಗಸರು ಕೀಬೋರ್ಡು ಸಮೇತ ಬಂದರು. ಕುರ್ಚಿ ಸಾಲದೆ ಕೆಲವರು ಕಿಟಕಿಯ ಕಟ್ಟೆ ಹತ್ತಿದರು. ಸೊಸೆ ಹೊರಡಲೆಂದು ಚೀಲ ಎತ್ತಿಕೊಂಡಾಗ ಗುಂಪಿನ ಮೇಡಂ, ಕೆಳಗಿನ ಸ್ವರಕ್ಕೆ ಒಬ್ಬರು ಕಡಿಮೆ ಎಂದು ಅವಳನ್ನು ಹಿಡಿದು ನಿಲ್ಲಿಸಿದರು. ಧೂಳು ಮೆತ್ತಿದ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಅವಳು ಅತ್ತೆಯ ಪಕ್ಕಕ್ಕೆ ಬಂದಳು. ಅಡುಗೆಮನೆಯಲ್ಲಿ ಎಲ್ಲರಿಗೂ ಚಹಾ ಸೋಸುತ್ತಿದ್ದ ಮಾವ, ಪಲ್ಲವಿ ಬಂದಾಗ ಅಲ್ಲಿಂದಲೇ ದನಿ ಸೇರಿಸಿದ. ಶ್ರುತಿ ಎಲ್ಲೋ, ಅವನೆಲ್ಲೋ. ಯಾರೂ ಅವನನ್ನು ತಡೆಯಲಿಲ್ಲ.