ಹೋರಿಯ ಕಾಲು, ಮಗನ ಕಾಲು

ನಿಪ್ಪಾಣಿಯ ಪತ್ತಿನ ಸಂಘದ ಮ್ಯಾನೇಜರ್ ಬಸವಂತನದು ಕುರ್ಚಿಗಿಂತ ದೊಡ್ಡ ಗತ್ತು. ಕ್ಯಾಷಿಯರ್ ಪ್ರಾಜಕ್ತಾ, ತನ್ನ ಮಗ ಶ್ರೇಣಿಕನ ಕಾಲಿನ ಫಿಜಿಯೋಥೆರಪಿಗೆ ವಾರಕ್ಕೆರಡು ಸಲ ಎರಡು ತಾಸು ಬಿಡಿ, ಸಂಜೆ ಉಳಿದು ಕೆಲಸ ಮುಗಿಸುತ್ತೇನೆ ಎಂದು ಅರ್ಜಿ ಕೊಟ್ಟಳು.

"ಹ್ವಾದ ತಿಂಗಳನೂ ಹೋಗಿದ್ದಿ. ಒಮ್ಮೆ ತಿಕ್ಕಿಸಿದ್ರ ಸಾಲೂದಿಲ್ಲೇನ?" ಎಂದು ಅವನು ಅರ್ಜಿಯನ್ನು ಸರಿಸಿದ.

ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಅವನು ಶರ್ಯತ್ತಿನ ಓಟಕ್ಕೆಂದು ಸಾಕಿದ ಹೋರಿಯ ಕಾಲು ತಿಕ್ಕುವವನು ಮನೆಗೆ ಬಂದಿದ್ದನಂತೆ. ಬಸವಂತ ಬೈಕಿನ ಕೀಲಿ ಹಿಡಿದು ಎದ್ದ. "ಒಂದ ದಿನಾ ತಪ್ಪಿದ್ರೂ ಕಾಲು ಬಿಗೀತಾವು!"

"ಮಗನ ಕಾಲೂ ಹಂಗರಿ ಸರ್. ನಿಮಗ ಈಗ ಕೆಲಸದ ವ್ಯಾಳ್ಯಾದಾಗ ಹೋಗಾಕ ಸಂಘದ ಅಧ್ಯಕ್ಷರು ಪರವಾನಗಿ ಕೊಟ್ಟಾರಲ್ರಿ? ನಾನೂ ಅವರನ್ನ ಕೇಳ್ತೀನಿ."

ಬಸವಂತ ಮತ್ತೆ ಕೂತು, ಸರಿಸಿದ್ದ ಅರ್ಜಿಯನ್ನು ಎಳೆದುಕೊಂಡು ಸಹಿ ಹಾಕಿದ.

"ಹೋಗ್ರಿ ಈಗ," ಎಂದಳು ಪ್ರಾಜಕ್ತಾ, "ಹೋರಿ ಕಾಯಾಕತ್ತೈತಿ."