ಮೂರು ಗಂಟೆಯ ನೀರು

ಗೇಟು ದಾಟಿ ಸೈಕಲ್ ನಿಲ್ಲಿಸುವ ಮೊದಲೇ ಮೂರನೇ ಕೊಳದ ಮರಿಗಳು ನನಗೆ ಕಂಡವು. ಬೆರಳುದ್ದದ ಕಾಟ್ಲಾ, ರೋಹು, ಮೂವತ್ತು ಸಾವಿರ ಮರಿ, ಎಲ್ಲ ನೀರಿನ ಮೇಲಕ್ಕೆ ಬಂದು ಬಾಯಿ ತೆರೆಯುತ್ತ, ಮುಚ್ಚುತ್ತ ನಿಂತಿದ್ದವು. ದಂಡೆಯ ಪಕ್ಕದಲ್ಲಿ ಹತ್ತಿಪ್ಪತ್ತು ಆಗಲೇ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಚಾಮುಂಡಿ ಬೆಟ್ಟದ ಬುಡದಲ್ಲಿ, ಮೈಸೂರು ಮುಗಿಯುವ ಕಡೆ ಏಕಾಂತಯ್ಯನವರ ಮೀನುಮರಿ ಫಾರಂ ಇತ್ತು. 1998ರ ಸೆಪ್ಟೆಂಬರಿನಲ್ಲಿ ನಾನು ಮೀನುಗಾರಿಕೆ ಕೋರ್ಸಿನ ಕೊನೆ ವರ್ಷದ ತರಬೇತಿಗೆ ಅಲ್ಲಿದ್ದೆ. ಕೆಲಸ ಸುಲಭ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಮೂರಕ್ಕೆ ಕೊಳದ ಪಿಎಚ್ ನೋಡಿ ರಿಜಿಸ್ಟರಿನಲ್ಲಿ ಬರೆಯುವುದು. ಪಿಎಚ್ ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಲೆಕ್ಕ. ಆದರೆ ಮ್ಯಾಟಿನಿ ಶೋ ಎರಡೂವರೆಗೆ. ಕೊಳವೋ ಹೀರೋ ಎಂಟ್ರಿಯೋ ಅಂತ ಬಂದಾಗ ನಾನು ಯಾವ ಕಡೆ ಅನ್ನುವುದು ಗೇಟಿನ ನಾಯಿಗೂ ಗೊತ್ತಿತ್ತು. ಬೆಳಿಗ್ಗೆ 7.6 ಬಂದರೆ ಮಧ್ಯಾಹ್ನದ ಕಾಲಮ್ಮಿಗೂ ಆಗಲೇ 7.6 ಬರೆದು ಹೊರಡುತ್ತಿದ್ದೆ. ಹನ್ನೆರಡು ದಿನ ಹೀಗೇ ನಡೆದಿತ್ತು. ಇವತ್ತೂ ಹಾಗೇ ಬರೆದಿಟ್ಟು ಹೋಗಿ, ಹೌಸ್‌ಫುಲ್ ಬೋರ್ಡು ನೋಡಿ ವಾಪಸ್ ಬಂದಿದ್ದೆ.

ಲ್ಯಾಬ್ ನೋಡಿಕೊಳ್ಳುವ ಸುಷ್ಮಾ ಮೇಡಂ ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಸಣ್ಣ ಗಾಜಿನ ಬಾಟಲಿ ಹಿಡಿದಿದ್ದರು. ಏಕಾಂತಯ್ಯನವರು ತಲೆಯ ಮೇಲೆ ಟವೆಲ್ ಹಾಕಿಕೊಂಡು ನಿಂತಿದ್ದರು. ಹಣೆಯ ವಿಭೂತಿ ಬೆವರಿಗೆ ಅರ್ಧ ಕರಗಿತ್ತು.

"ಗಾಳಿ ಸಾಲ್ತಾ ಇಲ್ಲ ಕಣಮ್ಮ, ನೋಡಿದ್ರೆ ಗೊತ್ತಾಗಲ್ವಾ? ಪಂಪ್ ಹಾಕ್ಸ್ತೀನಿ," ಅಂದರು ಏಕಾಂತಯ್ಯ.

"ಸ್ವಲ್ಪ ಇರಿ ಸಾರ್." ಮೇಡಂ ಬಾಟಲಿಯ ನೀರಿಗೆ ಎರಡು ಔಷಧಿ ಬಿಟ್ಟು ಮುಚ್ಚಿ ತಿರುಗಿಸಿದರು. ಆಕ್ಸಿಜನ್ ಇಲ್ಲದಿದ್ದರೆ ಬಿಳಿ ಗಸಿ ಇಳಿಯುತ್ತದೆ, ಇದ್ದರೆ ಕಂದು. ಇಳಿದದ್ದು ಕಾಫಿ ಪುಡಿಯಂಥ ಗಾಢ ಕಂದು. ಆಸಿಡ್ ಹಾಕಿ ಗಸಿ ಕರಗಿಸಿ, ಬ್ಯುರೆಟ್ ಎಂಬ ಅಳತೆಯ ಗಾಜಿನ ಕೊಳವೆಯಿಂದ ಇನ್ನೊಂದು ದ್ರಾವಣ ತೊಟ್ಟುತೊಟ್ಟಾಗಿ ಬಿಡುತ್ತ ಲೆಕ್ಕ ಹಾಕಿದರು. "ಲೀಟರಿಗೆ ಹನ್ನೊಂದು ಮಿಲಿಗ್ರಾಂ. ಐದಿದ್ರೆ ಸಾಕು ಇವಕ್ಕೆ. ನೀರು ಇಷ್ಟು ಹಸಿರಾಗಿದೆಯಲ್ಲ, ಬಿಸಿಲಿಗೆ ಪಾಚಿನೇ ಆಕ್ಸಿಜನ್ ಮಾಡ್ತಾ ಇದೆ. ಉಸಿರಿಗೆ ಕೊರತೆ ಇಲ್ಲ ಸಾರ್."

"ಮತ್ಯಾಕೆ ಮ್ಯಾಲೆ ಬಂದವೆ?"

ಮೇಡಂ ಇನ್ನೊಂದು ಟ್ಯೂಬಿನಲ್ಲಿ ಅಮೋನಿಯಾ ನೋಡಿದರು. ನೀರು ಗಾಢ ಹಳದಿಗೆ ತಿರುಗಿತು. "ಎರಡು ಮಿಲಿಗ್ರಾಂ ಇದೆ. ಸೋಮವಾರ ಮರಿ ಕಳಿಸ್ಬೇಕು, ದಪ್ಪ ಆಗ್ಲಿ ಅಂತ ಹಿಂಡಿ ತೌಡು ಡಬಲ್ ಮಾಡಿದ್ರಲ್ಲ, ಅದು ಕೊಳೆತಿದ್ದು, ಮೀನಿನ ಗಲೀಜು, ಎಲ್ಲ ಸೇರಿ ಇಷ್ಟಾಗಿದೆ." ರಿಜಿಸ್ಟರ್ ಎಳೆದುಕೊಂಡು ಬೆರಳಿಟ್ಟು ನೋಡಿದರು. "ಆದ್ರೆ ಮೂರು ಗಂಟೆಗೆ ಪಿಎಚ್ 7.6 ಅಂತ ಇದೆ. ಈ ಪಿಎಚ್‌ನಲ್ಲಿ ಅಮೋನಿಯಾದಲ್ಲಿ ನೂರಕ್ಕೆ ಮೂರು ಭಾಗ ಮಾತ್ರ ವಿಷ. ಮರಿ ಸಾಯೋವಷ್ಟಲ್ಲ."

ನನ್ನ ಕೈಬರಹ ಎಷ್ಟು ಮುದ್ದಾಗಿತ್ತು ಅಂದರೆ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಪಿಎಚ್ ನೋಡುವ ಬಣ್ಣದ ದ್ರಾವಣದ ಪೆಟ್ಟಿಗೆ ನನ್ನ ಬ್ಯಾಗಿನಲ್ಲೇ ಇತ್ತು. ಅದಕ್ಕೇ ಮೇಡಂ ಮತ್ತೆ ನೋಡಲು ಹೋಗಿರಲಿಲ್ಲ.

"ಹಂಗಾದ್ರೆ ತಳ ಕೆಟ್ಟದೆ," ಅಂದರು ಏಕಾಂತಯ್ಯ. ಅವರ ತಂದೆಯ ಕಾಲದಿಂದಲೂ ನೀರು ಕೆಟ್ಟರೆ ಅಲ್ಲಿ ಒಂದೇ ಔಷಧಿ. "ಮಹದೇವು, ಸುಣ್ಣ ತಗೊಂಬಾ. ಎರಡು ಮೂಟೆ. ಕಲ್ಸಿ ಎರಚ್ಬುಡು."

"ಪಿಎಚ್ ಕಮ್ಮಿ ಇದೆಯಲ್ಲ, ಸ್ವಲ್ಪ ಸುಣ್ಣ ತಡ್ಕೊಳುತ್ತೆ," ಅಂದರು ಮೇಡಂ, ಪೂರ್ತಿ ಒಪ್ಪದವರ ದನಿಯಲ್ಲಿ.

ಮಹದೇವು ಫಾರಂನ ಹಳೇ ಆಳು. ಟಬ್ಬಿನಲ್ಲಿ ಸುಣ್ಣ ಕಲಸಿಕೊಂಡು ಮೊಣಕಾಲುದ್ದ ನೀರಿಗೆ ಇಳಿದೇಬಿಟ್ಟ. ಕ್ಲಾಸಿನಲ್ಲಿ ಕೊನೆ ಬೆಂಚಿನಲ್ಲಿ ಕೂತು ಕೇಳಿದ್ದು ಈಗ ಒಂದೊಂದಾಗಿ ಎದ್ದು ಬರುತ್ತಿತ್ತು. ಬಿಸಿಲಿನಲ್ಲಿ ಪಾಚಿ ನೀರಿನ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ. ಅದು ಹೋದಷ್ಟೂ ಪಿಎಚ್ ಏರುತ್ತದೆ. ಬೆಳಿಗ್ಗೆ 7.6 ಇದ್ದ ಹಸಿರು ನೀರು ಮಧ್ಯಾಹ್ನ ಒಂಬತ್ತು ದಾಟಬಹುದು. ಆಗ ಅದೇ ಎರಡು ಮಿಲಿಗ್ರಾಂನಲ್ಲಿ ಅರ್ಧಕ್ಕೂ ಹೆಚ್ಚು ವಿಷ. ಅದರ ಮೇಲೆ ಸುಣ್ಣ ಬಿದ್ದರೆ ಪಿಎಚ್ ಇನ್ನೂ ಮೇಲೆ. ಮೂವತ್ತು ಸಾವಿರದಲ್ಲಿ ಒಂದೂ ಉಳಿಯುವುದಿಲ್ಲ.

"ನಿಲ್ಸು ಮಹದೇವಣ್ಣ. ಒಂದು ಹಿಡಿನೂ ಹಾಕ್ಬೇಡ."

ಅವನು ತಿರುಗಿ ನೋಡಿ ಹಲ್ಲು ಕಿರಿದ. ಹೋದ ವಾರವಷ್ಟೇ ಪಂಪ್ ಶೆಡ್ಡಿನ ಹಿಂದೆ ನಿಂತು, ಖಳನಾಯಕನ ದನಿಯಲ್ಲಿ "ಈ ಕೊಳಕ್ಕೆ ಕಾಲಿಟ್ಟವನ ಕಥೆ ಮುಗೀತು" ಅಂದು ಅವನ ಕೈಯಿಂದ ಹಿಂಡಿ ಬುಟ್ಟಿ ಬೀಳಿಸಿದ್ದೆ. "ಬುಡು ಕಿರಣಪ್ಪ, ಇವತ್ತು ಹೆದರಾಕಿಲ್ಲ ನಾನು," ಅಂದು ಟಬ್ಬಿಗೆ ಕೈ ಹಾಕಿದ.

"ಇದು ಡೈಲಾಗ್ ಅಲ್ಲ ಕಣಣ್ಣ."

"ಹೋದ್ವಾರನೂ ಅಂಗೇ ಅಂದಿದ್ದೆ."

ನಾನು ಚಪ್ಪಲಿ ಸಮೇತ ನೀರಿಗೆ ಇಳಿದು ಟಬ್ಬು ಹಿಡಿದುಕೊಂಡೆ. ಸುಣ್ಣದ ಬಿಸಿ ಕೈಗೆ ತಾಗಿತು. "ಸಾರ್, ರಿಜಿಸ್ಟರ್‌ನಲ್ಲಿರೋ ಮೂರು ಗಂಟೆ ಪಿಎಚ್ ನಾನು ನೋಡಿ ಬರೆದಿದ್ದಲ್ಲ. ಬೆಳಿಗ್ಗೆದನ್ನೇ ಬರೀತಿದ್ದೆ. ಹನ್ನೆರಡು ದಿನದಿಂದ."

ಮೇಡಂ ಪೆನ್ನಿನ ಕ್ಯಾಪ್ ಹಾಕಿ ನನ್ನನ್ನೇ ನೋಡಿದರು. ಏಕಾಂತಯ್ಯನವರು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಈಗ ನೋಡು," ಅಂದರು ಅಷ್ಟೇ.

ಟ್ಯೂಬಿಗೆ ಕೊಳದ ನೀರು ತುಂಬಿ ಬಣ್ಣದ ಹನಿ ಬಿಟ್ಟೆ. ಎರಡು ಹನಿ ಹೊರಗೆ ಹೋದವು. ಹೊಸ ನೀರು ಹಿಡಿದು ಮತ್ತೆ ಬಿಟ್ಟೆ. ದಿನಾ ಬೆಳಿಗ್ಗೆ ಹಸಿರು ಬರುತ್ತಿದ್ದದ್ದು ಈಗ ನೇರಳೆಗೆ ಹತ್ತಿರದ ನೀಲಿಯಾಗಿ ನಿಂತಿತು. ಬಣ್ಣಗಳ ಪಟ್ಟಿಯ ಪಕ್ಕ ಹಿಡಿದ ಮೇಡಂ, "9.3," ಅಂದರು. "ಸುಣ್ಣ ಎತ್ತಿಡ್ಸಿ ಸಾರ್. ಬೋರ್‌ವೆಲ್ ನೀರು ಬಿಡೋಣ, ತಳದ ನೀರು ಹೊರಗೆ ಹೋಗ್ಲಿ. ಮೇವು ಪೂರ್ತಿ ಬಂದ್."

ಬೋರ್‌ವೆಲ್ ನೀರಿನಲ್ಲಿ ಆಕ್ಸಿಜನ್ ಕಡಿಮೆ. ನೇರ ಬಿಡುವಂತಿಲ್ಲ. ತೂತು ಹೊಡೆದ ತಗಡಿನ ಮೇಲೆ ಪೈಪಿಟ್ಟು ಮಳೆಯಂತೆ ಬೀಳಿಸಿದೆವು. ಮಹದೇವು ತಳದ ತೂಬು ಎತ್ತಿದ. ಕೊಳೆತ ಹಿಂಡಿಯ ವಾಸನೆಯ ಕಪ್ಪು ನೀರು ಕಾಲುವೆಗೆ ಹರಿಯಿತು. ನಾನು ಸತ್ತ ಮರಿಗಳನ್ನು ಬಲೆಯಿಂದ ಎತ್ತುತ್ತ ಎಣಿಸಿದೆ. ನಾಲ್ಕು ಗಂಟೆಗೆ ಇನ್ನೂರು. ಐದಕ್ಕೆ ಎಂಟುನೂರು. ಆಮೇಲೆ ಎಣಿಸುವ ಧೈರ್ಯ ಬರಲಿಲ್ಲ. ಆರೂವರೆಗೆ ಬಿಸಿಲು ಇಳಿದು ಪಿಎಚ್ 8.5ಕ್ಕೆ ಬಂತು. ಮರಿಗಳು ಒಂದೊಂದೇ ಕೆಳಗೆ ಹೋಗತೊಡಗಿದವು.

"ಬದುಕಿದ್ವಲ್ಲ ಮೇಡಂ," ಅಂದೆ.

"ಬೆಳಿಗ್ಗೆವರೆಗೂ ಹೇಳೋಕಾಗಲ್ಲ. ಬಿಸಿಲಿಲ್ಲದಾಗ ಅದೇ ಪಾಚಿ ಆಕ್ಸಿಜನ್ ತಿನ್ನೋಕೆ ಶುರು ಮಾಡುತ್ತೆ. ಐದೂವರೆಗೆ ನೋಡ್ಬೇಕು."

ನಾನು ಮನೆಗೆ ಹೋಗಲಿಲ್ಲ. ಬೆಳಿಗ್ಗೆ ಐದೂವರೆಗೆ ಬೆಟ್ಟದ ದೀಪಗಳು ಇನ್ನೂ ಉರಿಯುತ್ತಿದ್ದಾಗ ಬಾಟಲಿಗೆ ಗುಳ್ಳೆ ಬಾರದಂತೆ ನೀರು ತುಂಬಿದೆ. ಈ ಸಲ ಗಸಿ ತೆಳು ಕಂದು, ಹಾಲು ಹೆಚ್ಚಾದ ಕಾಫಿಯಂತೆ. ತೊಟ್ಟು ಎಣಿಸಿದೆ. ಏಕಾಂತಯ್ಯನವರು ಯಾವಾಗ ಹಿಂದೆ ಬಂದು ನಿಂತರೋ ಗೊತ್ತಾಗಲಿಲ್ಲ.

"ಎಷ್ಟು?"

"ಮೂರು ಸಾರ್. ಕಮ್ಮಿ. ತಗಡಿನ ನೀರು ನಿಲ್ಲಿಸಬಾರ್ದು, ಇನ್ನೊಂದು ಪಂಪೂ ಹಾಕ್ಬೇಕು."

ಅವರು ಪಂಪ್ ಹಾಕಲು ಮಹದೇವುವಿಗೆ ಕೈಸನ್ನೆ ಮಾಡಿದರು. ದಂಡೆಯಲ್ಲಿ ಕೂತು ನೀರಿಗೆ ಕೈ ಅದ್ದಿದರು. ಮರಿಗಳ ಗುಂಪೊಂದು ಬೆದರಿ ಚದುರಿ ಆಳಕ್ಕೆ ಓಡಿತು.

"ಸೋಮವಾರ ಕಳ್ಸಲ್ಲ. ಇನ್ನೆಂಟು ದಿನ ಹೋಗ್ಲಿ," ಅಂದರು. ಆಮೇಲೆ ನನ್ನ ಕಡೆ ತಿರುಗದೆ, "ಮೂರು ಅಂದ್ಯಲ್ಲ. ಇನ್ನೊಂದ್ಸಲ ನೋಡು."

"ಸರಿಯಾಗೇ ನೋಡ್ದೆ ಸಾರ್."

"ನೋಡಪ್ಪ ಇನ್ನೊಂದ್ಸಲ."

ನಾನು ಬಾಟಲಿ ತೊಳೆದು ಮತ್ತೆ ನೀರಿಗೆ ಇಳಿದೆ.