ಎರಡು ಬಕೆಟ್ ನೀರು

ಒಂದೇ ತಿಂಗಳಲ್ಲಿ ಮೂರನೇ ಸಲ ಅದೇ ಮನೆಗೆ ಬಂದಿದ್ದ ಮೆಕ್ಯಾನಿಕ್‌ಗೆ ತಲೆ ಕೆಟ್ಟುಹೋಗಿತ್ತು. ಹೊಸ ವಾಷಿಂಗ್ ಮಷೀನಿನಲ್ಲಿ ಒಂದು ಸ್ಕ್ರೂ ಕೂಡ ಸಡಿಲವಿರಲಿಲ್ಲ.

"ಹಳೇದರಲ್ಲಿ ನಡುವೆ ಕಂಬ ಇತ್ತು, ತುಂಬಾ ನೀರು ಬರ್ತಿತ್ತು, ಬೇಗ ಮುಗೀತಿತ್ತು," ಎಂದರು ಮನೆಯೊಡತಿ ಟೀಚರಮ್ಮ. "ಇದು ಗಂಟೆಗಟ್ಟಲೆ ತಿರುಗಿದ್ರೂ ಕಾಲರಿನ ಕೊಳೆ ಹಾಗೇ ಇರುತ್ತೆ."

"ಆ ಕಂಬ ಬಟ್ಟೇನ ಹಿಡಿದು ಎಳೆದಾಡ್ತಿತ್ತಮ್ಮಾ. ಬೇಗ ಆಗ್ತಿತ್ತು, ಆದ್ರೆ ಹೊಲಿಗೆ ಬಿಟ್ಟುಹೋಗ್ತಿತ್ತು. ಇದರಲ್ಲಿ ತಳದ ತಟ್ಟೆ ಮಾತ್ರ ತಿರುಗೋದು. ನೀರು ಕಡಿಮೆ ಇದ್ರೇನೇ ಬಟ್ಟೆ ಒಂದಕ್ಕೊಂದು ಉಜ್ಜಿಕೊಳ್ಳೋದು. ಅದಕ್ಕೇ ಹೊತ್ತು ಹಿಡಿಯುತ್ತೆ."

ಅವನು ಬಟ್ಟೆ ಹಾಕಿ ಮಷೀನು ಶುರು ಮಾಡಿದ. ಹತ್ತು ನಿಮಿಷವಾಗಿರಲಿಲ್ಲ, ಟೀಚರಮ್ಮ ಮಷೀನು ನಿಲ್ಲಿಸಿ ಮುಚ್ಚಳ ತೆಗೆದು ಎರಡು ಬಕೆಟ್ ನೀರು ದಬದಬನೆ ಸುರಿದರು. ಬಟ್ಟೆಗಳೆಲ್ಲ ಹಾಯಾಗಿ ತೇಲತೊಡಗಿದವು.

"ಅಯ್ಯೋ, ಏನಮ್ಮಾ ಇದು! ತೇಲೋ ಬಟ್ಟೆ ಯಾವುದಕ್ಕೆ ಉಜ್ಜಿಕೊಳ್ಳುತ್ತೆ? ನಾನು ಗಿಣಿಗೆ ಹೇಳಿದ ಹಾಗೆ ಹೇಳ್ತಿದೀನಿ! ಈ ಸುರಿಯೋ ಬುದ್ಧಿ ಯಾರು ಹೇಳಿಕೊಟ್ಟಿದ್ದು?"

ಟೀಚರಮ್ಮ ಖಾಲಿ ಬಕೆಟ್ ಕೆಳಗಿಟ್ಟರು. "ನಿಮ್ಮ ಹೆಂಡತೀನೇ ಕಣಪ್ಪಾ. ಮೊನ್ನೆ ಅಂಗಡೀಲಿ ಸಿಕ್ಕಾಗ, ಮೆಕ್ಯಾನಿಕ್ ಮನೇಲೇ ಇದೇ ಮಷೀನಿಗೆ ಆರು ತಿಂಗಳಿಂದ ಹೀಗೆ ಮಾಡ್ತೀವಿ ಅಂದ್ಲು."

 ಅವನ ಕೈ ತಾನಾಗಿಯೇ ತನ್ನ ಅಂಗಿಯ ಕಾಲರಿಗೆ ಹೋಯಿತು. ಒಗೆದು ಇಸ್ತ್ರಿ ಮಾಡಿದ್ದ ಆ ಕಾಲರಿನ ಮೇಲೆ ಆರು ತಿಂಗಳ ಕಪ್ಪು ಗೆರೆ ಗಟ್ಟಿಯಾಗಿ ಕೂತಿತ್ತು.